ಹಸಿರು ಟಿಕ್ ನನಗೆ ಕೇಳಿಸಲಿಲ್ಲ: ಪಾವತಿ ಆ್ಯಪ್ ಕಟ್ಟುವವರಿಗೊಂದು ಬಹಿರಂಗ ಪತ್ರ

ಪಾವತಿ ಆ್ಯಪ್‌ಗಳ ಪರದೆ ರೂಪಿಸುವ, ಕೋಡ್ ಬರೆಯುವ, ಪರೀಕ್ಷೆ ಮಾಡಿ ಬಿಡುಗಡೆ ಮಾಡುವ ಎಲ್ಲರಿಗೂ ನಮಸ್ಕಾರ.

ನಾನು ಮೈಸೂರಿನ ಒಬ್ಬ ಮೇಷ್ಟ್ರು. ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕಾಲೇಜು ಮುಗಿಯುವ ಹೊತ್ತಿಗೆ ನನ್ನ ಕಣ್ಣು ಪೂರ್ತಿ ಹೋಗಿತ್ತು. ಈಗ ದಿನಕ್ಕೆ ನಾಲ್ಕೈದು ಸಲವಾದರೂ ನಿಮ್ಮ ಆ್ಯಪ್‌ಗಳಲ್ಲಿ ದುಡ್ಡು ಕೊಡುತ್ತೇನೆ. ಹಾಲು, ತರಕಾರಿ, ಔಷಧಿ, ಎಲ್ಲಕ್ಕೂ. ನೀವು ನನ್ನನ್ನು ನೋಡಿಲ್ಲ, ನಾನು ನಿಮ್ಮ ಪರದೆಯನ್ನು ನೋಡಿಲ್ಲ. ಆದರೂ ಅದರ ಮೂಲೆ ಮೂಲೆ ನನಗೆ ಗೊತ್ತು. ಎಲ್ಲಿ ಮಾತಾಡುತ್ತದೆ, ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ ಅನ್ನುವುದು ನಿಮಗಿಂತ ನನಗೇ ಚೆನ್ನಾಗಿ ಗೊತ್ತಿರಬಹುದು.

ಅದಕ್ಕೇ ಈ ಪತ್ರ. ದೂರು ಸ್ವಲ್ಪ ಇದೆ. ಅದಕ್ಕಿಂತ ಜಾಸ್ತಿ, ಒಂದು ಪಾವತಿ ನಮ್ಮ ಕೈಯಲ್ಲಿ ಹೇಗೆ ನಡೆಯುತ್ತದೆ ಅಂತ ಹೇಳಬೇಕಿದೆ.

ಮೊದಲು ಹಳೇ ಕಥೆ, ಚುಟುಕಾಗಿ. ನೋಟಿನ ಕಾಲದಲ್ಲಿ ಪರ್ಸಿನೊಳಗೆ ಒಂದೊಂದು ನೋಟಿಗೆ ಒಂದೊಂದು ಮಡಿಕೆ ಇಟ್ಟುಕೊಂಡಿದ್ದೆ. ನೂರು ಒಂದು ಮಡಿಕೆ, ಐನೂರು ಎರಡು ಮಡಿಕೆ, ಇಪ್ಪತ್ತು ಮಡಿಚದೇ. ನಾನು ಕೊಡುವ ನೋಟು ಸರಿಯಾಗಿಯೇ ಇರುತ್ತಿತ್ತು. ತೊಂದರೆ ಇದ್ದದ್ದು ವಾಪಸ್ ಬರುವ ಚಿಲ್ಲರೆಯದು. 2016ರ ನಂತರ ಹೊಸ ಅಳತೆಯ ನೋಟುಗಳು ಬಂದು ಬೆರಳಿನ ಲೆಕ್ಕವೇ ತಪ್ಪಿತು. 2020ರ ಜನವರಿ 1ರಂದು ರಿಸರ್ವ್ ಬ್ಯಾಂಕ್ 'ಮಣಿ' ಅನ್ನುವ ಆ್ಯಪ್ ತಂದಿತು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ. ಮನೆಯಲ್ಲಿ ಕೂತು ಎಣಿಸಲು ಒಳ್ಳೆಯದೇ. ಆದರೆ ಅಂಗಡಿ ಮುಂದೆ ಹಿಂದೆ ಐದು ಜನ ನಿಂತಿರುವಾಗ ಒಂದೊಂದೇ ನೋಟು ಕ್ಯಾಮೆರಾಗೆ ತೋರಿಸುತ್ತಾ ನಿಲ್ಲಲು ಆಗುತ್ತದೆಯೇ? ಯುಪಿಐ ಬಂದ ಮೇಲೆ ಚಿಲ್ಲರೆಯ ಮಾತೇ ಇಲ್ಲವಾಯಿತು. 286 ರೂಪಾಯಿ ಅಂದರೆ 286 ರೂಪಾಯಿಯೇ ಹೋಗುತ್ತದೆ.

ಈಗ ನನ್ನ ಫೋನಿನ ವಿಷಯ. ನನ್ನದು ಆಂಡ್ರಾಯ್ಡ್. ಅದರಲ್ಲಿ ಟಾಕ್‌ಬ್ಯಾಕ್ ಅನ್ನುವ ಸ್ಕ್ರೀನ್ ರೀಡರ್ ಇದೆ. ಐಫೋನ್ ಇರುವವರಿಗೆ ವಾಯ್ಸ್‌ಓವರ್. ಇದನ್ನು ಆನ್ ಮಾಡಿದರೆ ಫೋನಿನ ನಡವಳಿಕೆಯೇ ಬದಲಾಗುತ್ತದೆ. ಬೆರಳು ಇಟ್ಟ ಕೂಡಲೇ ಬಟನ್ ಒತ್ತಿದಂತೆ ಆಗುವುದಿಲ್ಲ. ಬೆರಳ ಕೆಳಗೆ ಏನಿದೆಯೋ ಅದನ್ನು ಓದುತ್ತದೆ, ಅಷ್ಟೆ. ಬಲಕ್ಕೆ ಸರ್ರನೆ ಎಳೆದರೆ ಮುಂದಿನದು, ಎಡಕ್ಕೆ ಎಳೆದರೆ ಹಿಂದಿನದು. ಬೇಕಾದದ್ದು ಸಿಕ್ಕಾಗ ಪರದೆಯ ಮೇಲೆ ಎಲ್ಲಾದರೂ ಎರಡು ಸಲ ತಟ್ಟಿದರೆ ಆಗ ಒತ್ತಿದಂತೆ. ಪರದೆಯನ್ನು ಪೂರ್ತಿ ಕಪ್ಪು ಮಾಡಿಟ್ಟುಕೊಳ್ಳುವ ಆಯ್ಕೆಯೂ ಇದೆ. ನಾನು ಯಾವಾಗಲೂ ಹಾಗೇ ಇಡುತ್ತೇನೆ. ಪಕ್ಕದವರು ಇಣುಕಿದರೂ ಏನೂ ಕಾಣುವುದಿಲ್ಲ. ಬಸ್ಸಿನಲ್ಲಿ ಒಬ್ಬರು 'ಸಾರ್, ನಿಮ್ಮ ಫೋನ್ ಆಫ್ ಆಗಿದೆ' ಅಂತ ಕಾಳಜಿಯಿಂದ ಹೇಳಿದ್ದರು. ಆಗ ನಾನು ಅದರಲ್ಲೇ ಮನೆಯ ಕರೆಂಟ್ ಬಿಲ್ ಕಟ್ಟುತ್ತಿದ್ದೆ.

ಇದರ ಅರ್ಥ ಇಷ್ಟು: ನೀವು ಇಡೀ ಪರದೆಯನ್ನು ಒಂದೇ ನೋಟಕ್ಕೆ ನೋಡುತ್ತೀರಿ. ನಾನು ಅದನ್ನು ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಒಂದೊಂದಾಗಿ ಕೇಳುತ್ತೇನೆ. ಮಣಿಗೆ ಹೆಸರಿದ್ದರೆ ಹೆಸರು ಕೇಳುತ್ತದೆ. ಇಲ್ಲದಿದ್ದರೆ ಸುಮ್ನೆ 'ಬಟನ್' ಅಂತಲೋ, 'ಲೇಬಲ್ ಇಲ್ಲ' ಅಂತಲೋ ಹೇಳಿ ಮುಂದೆ ಹೋಗುತ್ತದೆ. ಆ ಬಟನ್ ಹಿಂದಕ್ಕೆ ಹೋಗುವುದೋ, ದುಡ್ಡು ಕಳಿಸುವುದೋ, ದೇವರೇ ಬಲ್ಲ.

ನಮ್ಮ ಬೀದಿ ತುದಿಯ ದಿನಸಿ ಅಂಗಡಿಗೆ ಬನ್ನಿ. ಶನಿವಾರ ಸಂಜೆ. ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಸೋಪು. 'ಮೇಷ್ಟ್ರೇ, ಇನ್ನೂರ ಎಂಬತ್ತಾರು' ಅಂದರು ಅಂಗಡಿಯವರು. ನಾನು ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡೆ. ಇನ್ನೊಂದು ಕಿವಿ ಅಂಗಡಿಗೆ ಬೇಕು.

ಮೊದಲನೇ ಕೆಲಸ ಕ್ಯೂಆರ್ ಸ್ಕ್ಯಾನ್. ಕಾಣದವನು ಕ್ಯಾಮೆರಾ ಗುರಿ ಇಡುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಕಲಿತರೆ ಕಷ್ಟವಲ್ಲ. ಕೌಂಟರ್ ಮೇಲಿನ ಕ್ಯೂಆರ್ ಸ್ಟ್ಯಾಂಡನ್ನು ಎಡಗೈಯಲ್ಲಿ ಮುಟ್ಟಿ ಅದರ ಅಂಚು ಹುಡುಕುತ್ತೇನೆ. ಫೋನನ್ನು ಅದಕ್ಕೆ ಅಂಟಿಸಿದ ಹಾಗೆ ಹಿಡಿದು, ಮೆಲ್ಲಗೆ ನನ್ನ ಕಡೆಗೆ ಒಂದು ಗೇಣು ಎಳೆಯುತ್ತೇನೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಸ್ಕ್ಯಾನ್ ಆಗುತ್ತದೆ, ಫೋನ್ ಗುರ್ ಅಂತ ಅಲುಗುತ್ತದೆ. ಆ ಅಲುಗಾಟವೇ ನನಗೆ ಸಂಕೇತ. ಕೆಲವು ಆ್ಯಪ್‌ಗಳಲ್ಲಿ ಅದೂ ಇಲ್ಲ. ಆಗ ಪರದೆ ಬದಲಾಯಿತೋ ಇಲ್ಲವೋ ಅಂತ ಬೆರಳಾಡಿಸಿ ನೋಡಬೇಕು. ಗೋಡೆಗೆ ಅಂಟಿಸಿದ ಸ್ಟಿಕರ್ ಆದರೆ ಅಂಗಡಿಯವರನ್ನೇ ಕೇಳುತ್ತೇನೆ, 'ಅಣ್ಣಾ, ಸ್ವಲ್ಪ ಕೈ ಹಿಡಿದು ತೋರಿಸಿ' ಅಂತ. ಅದೂ ಆಗದಿದ್ದರೆ ಅವರ ಮೊಬೈಲ್ ನಂಬರಿಗೇ ಕಳಿಸುತ್ತೇನೆ. ಬಸ್ಸಿನಲ್ಲಿ ಮಾತ್ರ ಕಷ್ಟ. ಕಂಡಕ್ಟರ್ ತಮ್ಮ ಟಿಕೆಟ್ ಮಷೀನಿನ ಪರದೆಯಲ್ಲಿ ಕ್ಯೂಆರ್ ತೋರಿಸುತ್ತಾರೆ. ಬಸ್ ಓಡುತ್ತಿರುತ್ತದೆ, ಅವರ ಕೈ ಅಲ್ಲಾಡುತ್ತದೆ, ನನ್ನ ಕೈಯೂ ಅಲ್ಲಾಡುತ್ತದೆ. ಅಲ್ಲಿ ಮಡಿಚಿಟ್ಟ ನೋಟೇ ವಾಸಿ.

ಸ್ಕ್ಯಾನ್ ಆದ ಮೇಲೆ ಬರುವ ಪುಟ ನನಗೆ ಎಲ್ಲಕ್ಕಿಂತ ಮುಖ್ಯ. ದುಡ್ಡು ಯಾರಿಗೆ ಹೋಗುತ್ತಿದೆ ಅನ್ನುವುದು ಅಲ್ಲಿ ಇರುತ್ತದೆ. ಅಂಗಡಿಯ ಸ್ಟಿಕರ್ ಮೇಲೆ ಯಾರೋ ಬೇರೆ ಸ್ಟಿಕರ್ ಅಂಟಿಸಿ ಮೋಸ ಮಾಡಿದ್ದನ್ನು ನೀವೂ ಕೇಳಿರುತ್ತೀರಿ. ಕಣ್ಣಿದ್ದವರಿಗೆ ಸ್ಟಿಕರ್ ಮೇಲಿನ ಹೆಸರು, ಫೋನಿನಲ್ಲಿ ಬಂದ ಹೆಸರು, ಎರಡೂ ಕಾಣುತ್ತವೆ. ನನಗಿರುವುದು ಫೋನ್ ಹೇಳುವ ಹೆಸರು ಒಂದೇ. 2025ರ ಜೂನ್ 30ರಿಂದ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ಯುಪಿಐ ನಡೆಸುವ ಎನ್‌ಪಿಸಿಐ ನಿಯಮ ಮಾಡಿತು. ನಮ್ಮಂಥವರಿಗೆ ಅದರಿಂದ ತುಂಬ ಉಪಕಾರವಾಯಿತು. ಹೆಸರು ಕೇಳಿಸಿಕೊಂಡು ಜೋರಾಗಿ ಓದಿ ಹೇಳುತ್ತೇನೆ. 'ಹೌದು, ಅದು ನಮ್ಮ ಮನೆಯವರ ಹೆಸರು' ಅನ್ನುತ್ತಾರೆ ಅಂಗಡಿಯವರು. ಆಮೇಲೆ ಮುಂದಿನ ಹೆಜ್ಜೆ.

ಇಲ್ಲಿ ನಿಮ್ಮಲ್ಲಿ ಒಂದು ಮಾತು. ಆ ಪುಟ ತೆರೆದ ಕೂಡಲೇ ಸ್ಕ್ರೀನ್ ರೀಡರ್ ಮೊದಲು ಆ ಹೆಸರನ್ನೇ ಓದಬೇಕು. ಬಹಳ ಆ್ಯಪ್‌ಗಳು ನನ್ನನ್ನು ನೇರವಾಗಿ ಮೊತ್ತ ಬರೆಯುವ ಜಾಗಕ್ಕೆ ತಂದು ಬಿಡುತ್ತವೆ, ಕೀಬೋರ್ಡ್ ತೆರೆದುಕೊಳ್ಳುತ್ತದೆ. ಕಾಣುವವರಿಗೆ ಅದು ಅನುಕೂಲ, ಹೆಸರು ಮೇಲೆ ಕಣ್ಣಿಗೆ ಬಿದ್ದಿರುತ್ತದೆ. ನಾನು ಮಾತ್ರ ಎಡಕ್ಕೆ ಮೂರು ನಾಲ್ಕು ಸಲ ಎಳೆದು ಹಿಂದೆ ಹೋಗಿ ಹೆಸರು ಹುಡುಕಬೇಕು. ಅವಸರದಲ್ಲಿದ್ದರೆ ಹುಡುಕುವುದಿಲ್ಲ. ಹುಡುಕದ ದಿನವೇ ಮೋಸ ಹೋಗುವ ದಿನ.

ಮೊತ್ತದ್ದು ಇನ್ನೊಂದು ಬಗೆ. ಬರೆಯುವಾಗ 'ಎರಡು', 'ಎಂಟು', 'ಆರು' ಅಂತ ಒಂದೊಂದೇ ಅಂಕಿ ಕೇಳುತ್ತದೆ. ಬೆರಳು ತಪ್ಪಿ ಆರು ಎರಡು ಸಲ ಬಿದ್ದರೆ 2866 ಆಗಿರುತ್ತದೆ. ಅದಕ್ಕೇ ಬರೆದು ಮುಗಿಸಿ, ಆ ಜಾಗವನ್ನು ಇನ್ನೊಮ್ಮೆ ಮುಟ್ಟಿ ಪೂರ್ತಿ ಸಂಖ್ಯೆಯಾಗಿ ಕೇಳಿಸಿಕೊಳ್ಳುತ್ತೇನೆ. 'ಇನ್ನೂರ ಎಂಬತ್ತಾರು ರೂಪಾಯಿ' ಅಂತ ಬಂದರೆ ನೆಮ್ಮದಿ. ಒಂದು ಆ್ಯಪ್‌ನಲ್ಲಿ ಅಂಕಿಗಳು ಕುಣಿದುಕೊಂಡು ಬರಲಿ ಅಂತ ಪ್ರತಿ ಅಂಕಿಯನ್ನೂ ಬೇರೆ ಬೇರೆ ತುಂಡಾಗಿ ಇಟ್ಟಿದ್ದರು. ನನ್ನ ಫೋನಿಗೆ ಅದು ಮೂರು ಬೇರೆ ಬೇರೆ ಮಣಿ. ಎರಡು. ಎಂಟು. ಆರು. ರೂಪಾಯಿ ಚಿಹ್ನೆ ಇನ್ನೊಂದು ಮಣಿ. ಒಟ್ಟು ಎಷ್ಟು ಅನ್ನುವುದನ್ನು ನಾನೇ ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಅದಕ್ಕೆ ಬದಲು, ಕೆಳಗಿನ ಬಟನ್ನಿನಲ್ಲೇ '286 ರೂಪಾಯಿ ಪಾವತಿಸಿ' ಅಂತ ಇದ್ದರೆ? ಕೆಲವರು ಹಾಗೆ ಮಾಡಿದ್ದಾರೆ. ಒತ್ತುವ ಮುಂಚಿನ ಕೊನೇ ಕ್ಷಣದಲ್ಲಿ ಮೊತ್ತ ಕಿವಿಗೆ ಬೀಳುತ್ತದೆ. ಚಿಕ್ಕ ಕೆಲಸ, ದೊಡ್ಡ ಅನುಕೂಲ.

ಆಮೇಲೆ ಪಿನ್ ಪುಟ. ಇದು ನಿಮ್ಮ ಆ್ಯಪ್‌ನ ಸ್ವಂತ ಪುಟ ಅಲ್ಲ, ನನಗೆ ಗೊತ್ತು. ಯಾವ ಆ್ಯಪ್ ಆದರೂ ಯುಪಿಐ ಪಿನ್ ಕೇಳುವಾಗ ಎನ್‌ಪಿಸಿಐ ಕೊಟ್ಟ ಒಂದೇ ಬಗೆಯ ಪುಟ ತೆರೆಯುತ್ತದೆ. ನಾವು ಹೊಡೆಯುವ ಅಂಕಿ ನಿಮ್ಮ ಕೈಗೂ ಸಿಗಬಾರದು ಅಂತ. ಹಾಗಾಗಿ ಒಂದು ಆ್ಯಪ್‌ನಲ್ಲಿ ಕಲಿತದ್ದು ಇನ್ನೊಂದರಲ್ಲೂ ಉಪಯೋಗಕ್ಕೆ ಬರುತ್ತದೆ. ಆ ಪುಟದ ಮೇಲ್ಭಾಗದಲ್ಲಿ ಹೆಸರು, ಮೊತ್ತ ಎರಡೂ ಇರುತ್ತವೆ. ಒಮ್ಮೆ ಮೇಲೆ ಬೆರಳಾಡಿಸಿ ಕೇಳಿಕೊಂಡು ಆಮೇಲೆ ಕೆಳಗೆ ಬರುತ್ತೇನೆ.

ಪಿನ್ ಹೊಡೆಯುವುದು ನಮಗೆ ನಿಧಾನದ ಕೆಲಸ. ಬೆರಳು ಸರಿಸಿ ಅಂಕಿ ಹುಡುಕಬೇಕು, ಕಿವಿಗೆ ಕೇಳಿದ ಮೇಲೆ ಎರಡು ಸಲ ತಟ್ಟಬೇಕು. ನಾಲ್ಕು ಅಂಕಿಯ ಪಿನ್ ಆದರೆ ನಾಲ್ಕು ಹುಡುಕಾಟ, ಎಂಟು ತಟ್ಟು, ಕೊನೆಗೆ ಟಿಕ್ ಬಟನ್. ಆರು ಅಂಕಿಯದಾದರೆ ಇನ್ನೂ ಜಾಸ್ತಿ. ಇಯರ್‌ಫೋನ್ ಇಲ್ಲದಿದ್ದರೆ ಆ ಅಂಕಿಗಳು ಅಂಗಡಿಗೆಲ್ಲಾ ಕೇಳುತ್ತವೆ. ಪಾಸ್‌ವರ್ಡ್ ಬರೆಯುವಾಗ ಅಕ್ಷರ ಜೋರಾಗಿ ಓದಬೇಡ, ಇಯರ್‌ಫೋನ್ ಇದ್ದರೆ ಮಾತ್ರ ಓದು ಅಂತ ಫೋನಿನಲ್ಲಿ ವ್ಯವಸ್ಥೆ ಇದೆ. ಆದರೆ ಅದು ಫೋನಿನ ಸಾಮಾನ್ಯ ಕೀಬೋರ್ಡಿಗೆ. ಪಿನ್ ಪುಟದ ಅಂಕಿಗಳು ಬಟನ್‌ಗಳ ಹಾಗೆ ಇರುವುದರಿಂದ, ಬೆರಳು ಇಟ್ಟ ಅಂಕಿಯನ್ನು ಸ್ಕ್ರೀನ್ ರೀಡರ್ ಓದಿಯೇ ಓದುತ್ತದೆ. ನನ್ನ ಪಿನ್ ಕೇಳಿಸಿಕೊಂಡ ನಮ್ಮ ಹಳೇ ಹಾಲಿನವರು ಒಂದು ದಿನ ಅದನ್ನು ನನಗೇ ಒಪ್ಪಿಸಿದರು. 'ಬದಲಾಯಿಸಿಕೊಳ್ಳಿ ಮೇಷ್ಟ್ರೇ' ಅಂತಲೂ ಅಂದರು. ಒಳ್ಳೆಯ ಮನುಷ್ಯ. ಅವತ್ತಿನಿಂದ ಇಯರ್‌ಫೋನ್ ಜೇಬಿನಲ್ಲಿ ಕರವಸ್ತ್ರದ ಹಾಗೆ ಇರುತ್ತದೆ.

ಇನ್ನೊಂದು ತೊಡಕು ಎಣಿಕೆಯದು. ಅಂಕಿ ಬಿದ್ದಂತೆಲ್ಲಾ ನಿಮಗೆ ಚುಕ್ಕಿ ಕಾಣುತ್ತದೆ. ನನಗೆ 'ನಾಲ್ಕರಲ್ಲಿ ಎರಡು' ಅಂತ ಕೇಳಬೇಕು. ಕೇಳದಿದ್ದರೆ, ಎರಡು ಸಲ ತಟ್ಟಿದ್ದು ಒಮ್ಮೆ ಸರಿಯಾಗಿ ಬೀಳದೇ ಹೋದಾಗ ಮೂರೇ ಅಂಕಿ ಹೋಗಿರುತ್ತದೆ, ಅಥವಾ ಒಂದು ಅಂಕಿ ಎರಡು ಸಲ ಬಿದ್ದಿರುತ್ತದೆ. ತಪ್ಪು ಪಿನ್ ಅನ್ನುತ್ತದೆ. ಸಾಮಾನ್ಯವಾಗಿ ಮೂರು ಸಲ ತಪ್ಪಾದರೆ ಆ ದಿನಕ್ಕೆ ಪಿನ್ ನಿಂತುಹೋಗುತ್ತದೆ. ಸಾಮಾನು ಚೀಲದಲ್ಲಿ, ನಾನು ಅಂಗಡಿಯಲ್ಲಿ.

ಇದಕ್ಕೆ ಎರಡು ಹಾದಿ ಬಂದಿವೆ. ಒಂದು ಯುಪಿಐ ಲೈಟ್. ಸ್ವಲ್ಪ ದುಡ್ಡು ಮೊದಲೇ ಹಾಕಿಟ್ಟರೆ ಸಣ್ಣ ಪಾವತಿಗೆ ಪಿನ್ ಬೇಡ. 2022ರಲ್ಲಿ ಬಂದಾಗ ಒಂದು ಸಲಕ್ಕೆ 200 ರೂಪಾಯಿ ಮಿತಿ ಇತ್ತು, ಈಗ 1,000ಕ್ಕೆ ಏರಿದೆ. ಕಾಣುವವರಿಗೆ ಅದು ಬರೀ ವೇಗದ ವಿಷಯ ಇರಬಹುದು. ನನಗೆ ಅದು ಪಿನ್ನನ್ನು ಬಾಯಿಬಿಟ್ಟು ಹೇಳಿಸದೇ ಇರುವ ವಿಷಯ. ಇನ್ನೊಂದು, 2025ರ ಅಕ್ಟೋಬರಿನಲ್ಲಿ ಪಿನ್ ಬದಲು ಬೆರಳಚ್ಚು ಅಥವಾ ಮುಖ ಬಳಸಲು ಎನ್‌ಪಿಸಿಐ ಅವಕಾಶ ಕೊಟ್ಟದ್ದು. ಬೆರಳಚ್ಚಿನ ಜಾಗ ಕೈಗೆ ಸಿಗುತ್ತದೆ, ಸದ್ದು ಮಾಡುವುದಿಲ್ಲ. ಇದನ್ನು ಆ್ಯಪ್‌ನ ಆಳದ ಯಾವುದೋ ಮೆನುವಿನಲ್ಲಿ ಬಚ್ಚಿಡಬೇಡಿ. ಸ್ಕ್ರೀನ್ ರೀಡರ್ ಆನ್ ಇರುವ ಫೋನಿನಲ್ಲಿ ಮೊದಲ ದಿನವೇ ಕೇಳಿ, 'ಬೆರಳಚ್ಚು ಬಳಸುತ್ತೀರಾ' ಅಂತ.

ಈಗ ತಲೆಬರಹದ ಕಥೆಗೆ ಬರುತ್ತೇನೆ.

ಕಳೆದ ವರ್ಷ ಒಂದು ರಾತ್ರಿ, ಅಮ್ಮನಿಗೆ ಔಷಧಿ ತರಲು ಮೆಡಿಕಲ್ ಸ್ಟೋರಿಗೆ ಹೋಗಿದ್ದೆ. 640 ರೂಪಾಯಿ. ಸ್ಕ್ಯಾನ್, ಹೆಸರು, ಮೊತ್ತ, ಪಿನ್, ಎಲ್ಲ ಸರಿಯಾಗಿ ಆಯಿತು. ಟಿಕ್ ಒತ್ತಿದೆ. ಆಮೇಲೆ ಫೋನ್ ಸುಮ್ಮನಾಯಿತು. ಕಾದೆ. ಏನಿಲ್ಲ. ಬಲಕ್ಕೆ ಎಳೆದೆ. 'ಬಟನ್' ಅಂದಿತು. ಮತ್ತೆ ಎಳೆದೆ. ಯಾವುದೋ ಸಾಲದ ಜಾಹೀರಾತು ಓದಿತು. ನೆಟ್‌ವರ್ಕ್ ಇಲ್ಲ, ಪಾವತಿ ಆಗಿಲ್ಲ ಅಂದುಕೊಂಡು ಹಿಂದೆ ಹೋಗಿ ಎರಡನೇ ಸಲ ಕಳಿಸಿದೆ. ಅಂಗಡಿಯ ಸೌಂಡ್‌ಬಾಕ್ಸ್ ಕೇಳೋಣ ಅಂದರೆ ಅದರ ಚಾರ್ಜ್ ಮುಗಿದಿತ್ತು. ಅಂಗಡಿಯವರು ತಮ್ಮ ಫೋನ್ ತೆರೆದು ನೋಡಿ, 'ಸಾರ್, ಎರಡು ಸಲ ಬಂದಿದೆ' ಅಂದರು. 640 ರೂಪಾಯಿಯನ್ನು ನೋಟಿನಲ್ಲಿ ವಾಪಸ್ ಕೊಟ್ಟರು. ಅದನ್ನು ಎಣಿಸಲು ಮನೆಗೆ ಬಂದು 'ಮಣಿ' ತೆರೆದೆ!

ಮರುದಿನ ನಮ್ಮ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನಿಗೇ ಒಂದು ರೂಪಾಯಿ ಕಳಿಸಿದೆ. ಅವನು ಪರದೆ ನೋಡಿದ, ನಾನು ಕೇಳಿಸಿಕೊಂಡೆ. ಪಾವತಿ ಆದ ಕೂಡಲೇ ಪರದೆ ತುಂಬಾ ಹಸಿರು ಬಣ್ಣ, ನಡುವೆ ದೊಡ್ಡ ಟಿಕ್ ಕುಣಿಯುತ್ತಾ ಬರುತ್ತದಂತೆ. 'ಎಷ್ಟು ಚೆನ್ನಾಗಿದೆ ಮಾಮಾ' ಅಂದ. ನನಗೆ ಏನೂ ಕೇಳಲಿಲ್ಲ. ಯಾಕೆ ಅಂದರೆ ಆ ಟಿಕ್ ಒಂದು ಚಿತ್ರ. ಅದರ ಹಿಂದೆ ಒಂದಕ್ಷರವೂ ಇಲ್ಲ. ಮೊತ್ತ ಮತ್ತು ಹೆಸರು ಆಮೇಲೆ ಬರುತ್ತವೆ, ಆದರೆ ಅವು ಬಂದದ್ದನ್ನು ಸ್ಕ್ರೀನ್ ರೀಡರಿಗೆ ಯಾರೂ ತಿಳಿಸುವುದಿಲ್ಲ. ಅದು ಹಳೇ ಜಾಗದಲ್ಲೇ ಕಾದು ಕೂತಿರುತ್ತದೆ. ಪಾವತಿ ಸೋತರೆ ಕೆಂಪು, ಬಾಕಿ ಇದ್ದರೆ ಹಳದಿ. ಮೂರೂ ನನಗೆ ಒಂದೇ ಮೌನ.

ಇದರಲ್ಲಿ ಹಳದಿಯೇ ಹೆಚ್ಚು ಅಪಾಯ. ಖಾತೆಯಿಂದ ದುಡ್ಡು ಹೋಗಿರಬಹುದು, ಅಂಗಡಿಗೆ ಇನ್ನೂ ಸೇರಿರುವುದಿಲ್ಲ. ಆ ಹೊತ್ತಿನಲ್ಲಿ ಮತ್ತೆ ಕಳಿಸಬಾರದು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಬಾಕಿ ಇದೆ ಅಂತ ನನಗೆ ಹೇಳುವವರು ಯಾರು? ಈಗ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಫೋನ್ ಸುಮ್ಮನಾದರೆ ಎರಡನೇ ಸಲ ಕಳಿಸುವುದಿಲ್ಲ. ನೇರವಾಗಿ ಹಿಂದಿನ ಪಾವತಿಗಳ ಪಟ್ಟಿಗೆ ಹೋಗಿ ಮೇಲಿನ ಸಾಲನ್ನು ಓದಿಸುತ್ತೇನೆ. ಮೊತ್ತ, ಹೆಸರು, ಸಮಯ, 'ಯಶಸ್ವಿ' ಅನ್ನುವ ಮಾತು, ಇಷ್ಟು ಕೇಳಿದರೆ ಆಯಿತು. ಇದಕ್ಕೆ ಅರ್ಧ ನಿಮಿಷ ಬೇಕು. ಹಿಂದೆ ನಿಂತವರು ಗೊಣಗಲಿ ಬಿಡಿ.

ಇದನ್ನು ಸರಿಮಾಡಲು ಎಷ್ಟು ಕೆಲಸ ಅಂತ ಬೆಂಗಳೂರಿನಲ್ಲಿ ಆ್ಯಪ್ ಮಾಡುವ ನನ್ನ ಹಳೇ ವಿದ್ಯಾರ್ಥಿಯನ್ನು ಕೇಳಿದೆ. ಫೋನಿನಲ್ಲೇ ನಕ್ಕು, ಇಷ್ಟು ಬರೆದು ಕಳಿಸಿದ:

```xml
<TextView
    android:id="@+id/result_text"
    android:layout_width="wrap_content"
    android:layout_height="wrap_content"
    android:accessibilityLiveRegion="assertive" />
```

ಫಲಿತಾಂಶ ಬರೆಯುವ ಜಾಗಕ್ಕೆ ಆ ಕೊನೇ ಸಾಲು ಒಂದನ್ನು ಸೇರಿಸಿದರೆ, ಅಲ್ಲಿನ ಬರಹ ಬದಲಾದ ಕೂಡಲೇ ಸ್ಕ್ರೀನ್ ರೀಡರ್ ಬೇರೆ ಮಾತು ನಿಲ್ಲಿಸಿ ಅದನ್ನು ಓದುತ್ತದಂತೆ. ಒಂದು ಎಚ್ಚರಿಕೆಯನ್ನೂ ಹೇಳಿದ. ಪುಟ ತೆರೆಯುವಾಗಲೇ ಬರಹ ತುಂಬಿಸಿಟ್ಟರೆ ಬದಲಾವಣೆ ಅಂತ ಏನೂ ಆಗುವುದಿಲ್ಲ, ಹಾಗಾಗಿ ಓದದೇ ಹೋಗಬಹುದು. ಪುಟ ಬಂದ ಮೇಲೆ ಬರಹ ಹಾಕಬೇಕು. ಟಿಕ್ಕಿನ ಚಿತ್ರ ಕುಣಿಯುತ್ತಾ ಇರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಅದರ ಜೊತೆಗೆ 'ಇಂಥವರಿಗೆ 640 ರೂಪಾಯಿ ಹೋಯಿತು' ಅಂತ ಒಂದು ಸಾಲು ಕೇಳಲಿ.

ಧ್ವನಿಯ ವಿಷಯದಲ್ಲೇ ಇನ್ನೊಂದು ಮಾತು. ಕೆಲವು ಆ್ಯಪ್‌ಗಳು ತಾವೇ ಮಾತಾಡುತ್ತವೆ. ಪಾವತಿ ಆದಾಗ ಒಂದು ರೆಕಾರ್ಡ್ ಮಾಡಿದ ದನಿ ಬರುತ್ತದೆ. ಉದ್ದೇಶ ಒಳ್ಳೆಯದು. ಆದರೆ ಅದೇ ಕ್ಷಣದಲ್ಲಿ ಸ್ಕ್ರೀನ್ ರೀಡರ್ ಕೂಡ ಓದುತ್ತಿರುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬರದೂ ಕೇಳುವುದಿಲ್ಲ, ನಮ್ಮ ಸ್ಟಾಫ್ ರೂಮಿನ ಹಾಗೆ. ಸ್ಕ್ರೀನ್ ರೀಡರ್ ಆನ್ ಇದೆಯೋ ಇಲ್ಲವೋ ಅಂತ ಆ್ಯಪ್‌ಗೆ ತಿಳಿಯುತ್ತದೆ. ಆನ್ ಇದ್ದರೆ ನಿಮ್ಮ ದನಿ ನಿಲ್ಲಿಸಿ, ಮಾತನ್ನು ಬರಹವಾಗಿ ಕೊಡಿ. ನನ್ನ ಸ್ಕ್ರೀನ್ ರೀಡರ್ ನನಗೆ ಬೇಕಾದ ವೇಗದಲ್ಲಿ, ನನ್ನ ಇಯರ್‌ಫೋನಿನಲ್ಲಿ ಓದುತ್ತದೆ. ನನಗೆ ಎಷ್ಟು ವೇಗ ಅಂದರೆ, ಬೇರೆಯವರಿಗೆ ಅದು ಯಾವ ಭಾಷೆ ಅಂತಲೂ ಗೊತ್ತಾಗುವುದಿಲ್ಲ.

ಅಂಗಡಿಯ ಸೌಂಡ್‌ಬಾಕ್ಸ್ ಬೇರೆ ಜಾತಿ. ಅದು ವ್ಯಾಪಾರಿಗಾಗಿ ಮಾಡಿದ್ದು, ಗಿರಾಕಿಯ ಮೊಬೈಲಿನ ಸ್ಕ್ರೀನ್‌ಶಾಟ್ ನಂಬಿ ಮೋಸ ಹೋಗದಿರಲಿ ಅಂತ. ಆದರೆ ಕೊಡುವವನು ನಾನಾದಾಗ ಅದು ನನಗೂ ಸಾಕ್ಷಿ. ಕನ್ನಡದಲ್ಲಿ 'ಇನ್ನೂರ ಎಂಬತ್ತಾರು ರೂಪಾಯಿ' ಅಂತ ಕೇಳಿದ ಮೇಲೆ ಅಂಗಡಿಯವರೂ ತಲೆ ಆಡಿಸುತ್ತಾರೆ, ನಾನೂ ಚೀಲ ಎತ್ತುತ್ತೇನೆ. ಅದರ ಮಿತಿ ಗೊತ್ತಾಗುವುದು ಮಾರ್ಕೆಟ್ಟಿನಲ್ಲಿ. ಸಾಲಾಗಿ ನಾಲ್ಕು ಹೂವಿನಂಗಡಿ, ನಾಲ್ಕು ಪೆಟ್ಟಿಗೆ. ನಾನು ಐವತ್ತು ರೂಪಾಯಿ ಕೊಟ್ಟ ಹೊತ್ತಿಗೇ ಪಕ್ಕದ ಪೆಟ್ಟಿಗೆ 'ಐವತ್ತು ರೂಪಾಯಿ' ಅನ್ನುತ್ತದೆ. ಅದು ಯಾರ ಐವತ್ತು? ಪೆಟ್ಟಿಗೆ ಹೆಸರು ಹೇಳುವುದಿಲ್ಲ. ಹಾಗಾಗಿ ಸೌಂಡ್‌ಬಾಕ್ಸ್ ಇದೆಯಲ್ಲ ಅಂತ ಆ್ಯಪ್ ಸುಮ್ಮನಿರಲು ಆಗುವುದಿಲ್ಲ.

ಕನ್ನಡದ ಮಾತು ಬಂತು. ಆ್ಯಪ್ ಭಾಷೆ ಕನ್ನಡ ಅಂತ ಇಟ್ಟರೆ ಅರ್ಧ ಪುಟ ಕನ್ನಡ, ಅರ್ಧ ಇಂಗ್ಲಿಷ್. ಕನ್ನಡ ದನಿ ಇಂಗ್ಲಿಷ್ ಪದ ಓದುವುದು ಕೆಲವೊಮ್ಮೆ ತಮಾಷೆ, ಕೆಲವೊಮ್ಮೆ ತಲೆನೋವು. ದನಿಯ ಎಂಜಿನ್ ಯಾವುದು ಅನ್ನುವುದರ ಮೇಲೂ ಹೋಗುತ್ತದೆ. ಖಾತೆ ಸಂಖ್ಯೆಯ ಕೊನೇ ನಾಲ್ಕು ಅಂಕಿಯನ್ನು ನನ್ನ ಫೋನ್ 'ನಾಲ್ಕು ಸಾವಿರದ ಇನ್ನೂರ ಹದಿನೇಳು' ಅಂತ ಓದುತ್ತದೆ. ಮೊದಲ ಸಲ ಕೇಳಿದಾಗ ಅಷ್ಟು ದುಡ್ಡು ಹೋಯಿತೇನೋ ಅಂತ ಎದೆ ಝಲ್ ಅಂದಿತ್ತು. ಖಾತೆಯ ಅಂಕಿಯ ಮುಂದೆ 'ಖಾತೆ ಸಂಖ್ಯೆ' ಅಂತ ಒಂದು ಪದ, ಅಂಕಿಗಳ ನಡುವೆ ಜಾಗ, ಇಷ್ಟು ಕೊಟ್ಟರೆ 'ನಾಲ್ಕು ಎರಡು ಒಂದು ಏಳು' ಅಂತ ಬಿಡಿಬಿಡಿಯಾಗಿ ಓದುತ್ತದೆ.

ಎಲ್ಲಕ್ಕಿಂತ ಬೇಜಾರಿನ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ. ಒಂದು ದಿನ ಬೆಳಿಗ್ಗೆ ನಾನು ಬಳಸುವ ಒಂದು ಬ್ಯಾಂಕ್ ಆ್ಯಪ್ ಅಪ್‌ಡೇಟ್ ಆಯಿತು. ತೆರೆದರೆ ಒಂದು ಎಚ್ಚರಿಕೆ: ನಿಮ್ಮ ಫೋನಿನಲ್ಲಿ ಪರದೆಯನ್ನು ಓದುವ ಸೇವೆ ಚಾಲೂ ಇದೆ, ಸುರಕ್ಷತೆಗಾಗಿ ಅದನ್ನು ಆಫ್ ಮಾಡಿ. ಆಫ್ ಮಾಡಿದರೆ ಸುರಕ್ಷತೆ ಇರಲಿ, ಆ್ಯಪ್ ಎಲ್ಲಿದೆ ಅಂತಲೇ ನನಗೆ ಗೊತ್ತಾಗುವುದಿಲ್ಲ!

ಈ ಭಯಕ್ಕೆ ಕಾರಣ ಇಲ್ಲದೇ ಇಲ್ಲ. ಸ್ಕ್ರೀನ್ ರೀಡರ್ ಕೆಲಸ ಮಾಡಲು ಆಂಡ್ರಾಯ್ಡ್ ಕೊಡುವ ಬಾಗಿಲನ್ನೇ ಕಳ್ಳ ಆ್ಯಪ್‌ಗಳೂ ಬಳಸುತ್ತವೆ. ಪರದೆ ಓದುತ್ತವೆ, ನಮ್ಮ ಬದಲಿಗೆ ಬಟನ್ ಒತ್ತುತ್ತವೆ. ಅವುಗಳನ್ನು ತಡೆಯಬೇಕು, ಒಪ್ಪುತ್ತೇನೆ. ಆದರೆ ಕಳ್ಳನೂ ಬಾಗಿಲಿಂದಲೇ ಬರುತ್ತಾನೆ ಅಂತ ಮನೆಯವರನ್ನೂ ಹೊರಗೆ ಹಾಕಿ ಬೀಗ ಜಡಿಯುತ್ತಾರೆಯೇ? ಆಂಡ್ರಾಯ್ಡ್ 14ರಿಂದ ಇದಕ್ಕೆ ಒಂದು ದಾರಿ ಇದೆ. ಗುಟ್ಟಾಗಿ ಇರಬೇಕಾದ ಜಾಗಕ್ಕೆ `android:accessibilityDataSensitive="yes"` ಅಂತ ಬರೆದರೆ, ಅಂಗವಿಕಲರ ನೆರವಿಗಾಗಿ ಮಾಡಿದ ಸಾಧನ ಅಂತ ಘೋಷಿಸಿಕೊಂಡ ಸೇವೆಗಳಿಗೆ ಮಾತ್ರ ಅದು ಕಾಣುತ್ತದೆ. ಟಾಕ್‌ಬ್ಯಾಕ್ ಅಂಥದ್ದು. ಘೋಷಣೆಯನ್ನು ಕಳ್ಳನೂ ಮಾಡಬಹುದು, ನಿಜ. ಪ್ಲೇ ಸ್ಟೋರಿನಲ್ಲಿ ಸುಳ್ಳು ಘೋಷಣೆಗೆ ಜಾಗವಿಲ್ಲ, ಆದರೆ ಹೊರಗಿನಿಂದ ಬಂದ ಆ್ಯಪ್‌ಗಳ ಮೇಲೆ ಬೇರೆ ಕಾವಲು ಬೇಕೇ ಬೇಕು. ಆ ಕಾವಲು ಹಾಕುವಾಗ ಟಾಕ್‌ಬ್ಯಾಕ್ ಆನ್ ಇದ್ದವರನ್ನು ಹೊರಗೆ ನಿಲ್ಲಿಸಬೇಡಿ, ಅಷ್ಟೆ.

ಕಾನೂನಿನ ಮಾತು ಜಾಸ್ತಿ ಎತ್ತುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಮಗೆ ಗೊತ್ತೇ ಇದೆ. 2024ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್, ನಿಮ್ಮ ಪಾವತಿ ವ್ಯವಸ್ಥೆಗಳನ್ನು ಅಂಗವಿಕಲರು ಬಳಸಲು ಆಗುತ್ತದೆಯೇ ಪರಿಶೀಲಿಸಿ ಅಂತ ಬ್ಯಾಂಕುಗಳಿಗೂ ಪಾವತಿ ಕಂಪನಿಗಳಿಗೂ ಸುತ್ತೋಲೆ ಕಳಿಸಿತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿತು. ಕೆವೈಸಿ ಮಾಡುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂತ ಕೇಳುತ್ತಾರಲ್ಲ, ಅದರ ಬಗ್ಗೆಯೂ ಆ ತೀರ್ಪಿನಲ್ಲಿದೆ. ಬದುಕಿದ್ದೇನೆ ಅಂತ ತೋರಿಸಲು ಬೇರೆ ದಾರಿಯನ್ನೂ ಕೊಡಿ ಅಂದಿದೆ. ನನ್ನನ್ನು ಹಾಗೆ ಕೇಳಿದಾಗ ಯಾವ ಕಡೆ ಮುಖ ಮಾಡಿ ಮಿಟುಕಿಸಬೇಕು ಅಂತಲೇ ಗೊತ್ತಾಗದೆ ಬೀರುವಿನ ಕಡೆ ಮಿಟುಕಿಸುತ್ತಾ ಕೂತಿದ್ದೆ. ಹೆಂಡತಿ ಬಂದು ನೋಡಿ ನಕ್ಕಳು.

ಸರಿ, ನಿಮ್ಮಿಂದ ನನಗೆ ಬೇಕಾದದ್ದು ಒಂದೇ ಪರೀಕ್ಷೆ. ಮುಂದಿನ ಬಿಡುಗಡೆಗೆ ಮುಂಚೆ, ತಂಡದಲ್ಲಿ ಯಾರಾದರೂ ಒಬ್ಬರು ಟಾಕ್‌ಬ್ಯಾಕ್ ಆನ್ ಮಾಡಿ. ಎರಡೂ ವಾಲ್ಯೂಮ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಆಗುತ್ತದೆ, ಮೊದಲ ಸಲಕ್ಕೆ ಒಪ್ಪಿಗೆ ಕೇಳುತ್ತದೆ. ಅದರ ಮೆನುವಿನಲ್ಲಿ ಪರದೆ ಮರೆಮಾಡುವ ಆಯ್ಕೆ ಒತ್ತಿ, ಕಪ್ಪು ಮಾಡಿ. ಇಯರ್‌ಫೋನ್ ಹಾಕಿಕೊಳ್ಳಿ. ಪಕ್ಕದ ಮೇಜಿನವರಿಗೆ ಒಂದು ರೂಪಾಯಿ ಕಳಿಸಿ. ನಡುವೆ ಪರದೆ ತೆರೆಯಬೇಡಿ, ಯಾರನ್ನೂ ಕೇಳಬೇಡಿ. ಪಿನ್ ಒತ್ತುವ ಮುಂಚೆ ಯಾರಿಗೆ, ಎಷ್ಟು ಅನ್ನುವುದು ಕಿವಿಗೆ ಬಿತ್ತೇ? ಎಷ್ಟು ಅಂಕಿ ಬಿತ್ತು ಅಂತ ಗೊತ್ತಾಯಿತೇ? ದುಡ್ಡು ಹೋಯಿತೋ ಇಲ್ಲವೋ ಅಂತ ಎದುರಿನವರನ್ನು ಕೇಳದೇ ಹೇಳಬಲ್ಲಿರಾ? ಇನ್ನೊಂದು ಸಲ, ನೆಟ್ ಆಫ್ ಮಾಡಿ ಇದನ್ನೇ ಮಾಡಿ. ಸೋತಾಗ ಆ್ಯಪ್ ಏನು ಹೇಳುತ್ತದೆ ಅನ್ನುವುದೂ ಕೇಳಬೇಕಲ್ಲ.

ಎಲ್ಲಿ ಸುಮ್ಮನಾಯಿತೋ ಆ ಜಾಗ ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟ ಪಟ್ಟಿಯೂ ಇದೆ, ಬೇಕಾದರೆ ಕಳಿಸುತ್ತೇನೆ. ಹೊಸ ಆವೃತ್ತಿ ಬಂದ ದಿನ ಬೀದಿ ತುದಿಯ ಅಂಗಡಿಗೆ ಹೋಗಿ ಹತ್ತು ರೂಪಾಯಿಯ ಒಂದು ಕಟ್ಟು ಕೊತ್ತಂಬರಿ ತಗೊಂಡು ನೋಡುತ್ತೇನೆ.

ಇಂತಿ,
ಮೈಸೂರಿನ ಒಬ್ಬ ಮೇಷ್ಟ್ರು